‘ಮೊದಲು ನಾವೇ ವಿಚಾರಿಸ್ತೀವಿ’ ಅನ್ನುವವರಿಗೆ

ಪ್ರಶ್ನೆ: ನಾನು ಖಾಸಗಿ ಶಾಲೆಯಲ್ಲಿ ಟೀಚರ್. ನಾಲ್ಕನೇ ಕ್ಲಾಸಿನ ಹುಡುಗಿ ನಮ್ಮ ಶಾಲೆಯ ವ್ಯಾನ್ ಡ್ರೈವರ್ ಮೈ ಮುಟ್ಟುತ್ತಾನೆ ಅಂತ ಹೇಳಿದಳು. ಮುಖ್ಯ ಶಿಕ್ಷಕಿಗೆ ತಿಳಿಸಿದೆ. ‘ಸಾಕ್ಷಿ ಇಲ್ಲದೆ ಪೊಲೀಸರ ಹತ್ತಿರ ಹೋಗಬೇಡಿ, ಮೊದಲು ನಾವೇ ಕಮಿಟಿ ಮಾಡಿ ವಿಚಾರಿಸೋಣ’ ಅಂದರು. ಅಪ್ಪ ಅಮ್ಮನಿಗೂ ಕೇಸ್ ಬೇಡ. ಕೋರ್ಟಲ್ಲಿ ಮಗುವಿಗೆ ಹಿಂಸೆ ಆಗುತ್ತಂತಲ್ಲ? ನಾನೇನು ಮಾಡಲಿ?

ಉತ್ತರ: ಇವತ್ತೇ ಪೊಲೀಸರಿಗೆ ತಿಳಿಸಿ. ಈ ಪತ್ರ ಬರೆಯುವ ಹೊತ್ತಿಗೇ ತಡವಾಗಿದೆ.

ಇದೇ ಪ್ರಶ್ನೆ ವರ್ಷಕ್ಕೆ ಹತ್ತಾರು ಸಲ ಬರುತ್ತದೆ. ಪ್ರತಿ ಸಲವೂ ‘ಸಾಕ್ಷಿ’ ಅನ್ನುವ ಪದ ಇದ್ದೇ ಇರುತ್ತದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ನಿಮ್ಮಿಂದ ಸಾಕ್ಷಿ ಕೇಳುವುದಿಲ್ಲ. ಅಪರಾಧ ನಡೆದಿದೆ ಅಂತ ಗೊತ್ತಿದ್ದರೆ, ಅಥವಾ ನಡೆಯಬಹುದು ಅನ್ನುವ ಆತಂಕ ಇದ್ದರೆ, ಸ್ಥಳೀಯ ಠಾಣೆಗೋ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೋ ಹೇಳಬೇಕು, ಅಷ್ಟೇ. ಮಗು ನಿಮಗೆ ಬಾಯಿಬಿಟ್ಟು ಹೇಳಿದೆ. ಸಾಕ್ಷಿ ಹುಡುಕುವುದು ತನಿಖಾಧಿಕಾರಿಯ ಕೆಲಸ, ಸಾಲುತ್ತದೋ ಇಲ್ಲವೋ ಅಂತ ನೋಡುವುದು ನ್ಯಾಯಾಧೀಶರ ಕೆಲಸ.

ಮುಖ್ಯ ಶಿಕ್ಷಕಿಗೆ ಹೇಳಿದ ಮಾತ್ರಕ್ಕೆ ನಿಮ್ಮ ಹೊಣೆ ಮುಗಿಯಲಿಲ್ಲ. ಅದು ಪ್ರತಿಯೊಬ್ಬರ ಮೇಲೂ ಬೇರೆ ಬೇರೆಯಾಗಿಯೇ ಇದೆ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಮುಖ್ಯ ಶಿಕ್ಷಕಿಯವರ ಸ್ಥಿತಿ ಇನ್ನೂ ಕಷ್ಟ. ಸಂಸ್ಥೆ ನಡೆಸುವವರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ ಶಿಕ್ಷೆ ಒಂದು ವರ್ಷದವರೆಗೆ ಹೋಗುತ್ತದೆ, ದಂಡ ಬೇರೆ. ಡ್ರೈವರ್ ಶಾಲೆಯ ನೌಕರ ಅಂದಿರಲ್ಲ, ಅವರಿಗೆ ಇದನ್ನು ಓದಿ ಹೇಳಿ. ತಂದೆ ತಾಯಿಯ ಒಪ್ಪಿಗೆಯೂ ಬೇಕಿಲ್ಲ. ಒಳ್ಳೆಯ ಮನಸ್ಸಿನಿಂದ ಮಾಹಿತಿ ಕೊಟ್ಟವರ ಮೇಲೆ, ಕೊನೆಗೆ ಕೇಸ್ ಬಿದ್ದುಹೋದರೂ, ಯಾರೂ ದಾವೆ ಹೂಡುವಂತಿಲ್ಲ.

ಈಗ ಕಮಿಟಿಯ ವಿಷಯ. ಕಾನೂನಿನ ಮಾತು ಬಿಡಿ, ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಗುರುತು ಸಿಗದಂತೆ ಸ್ವಲ್ಪ ಬದಲಿಸಿದ್ದೇನೆ.

ಒಂಬತ್ತು ವರ್ಷದ ಹುಡುಗಿ. ಮೊದಲು ಹೇಳಿದ್ದು ಕ್ಲಾಸ್ ಟೀಚರಿಗೆ: ‘ಅಂಕಲ್ ಸೀಟ್ ಸರಿ ಮಾಡ್ತೀನಿ ಅಂತ ಕೈ ಹಾಕ್ತಾರೆ.’ ಆಮೇಲೆ ಮುಖ್ಯ ಶಿಕ್ಷಕರು ಕರೆದು ಕೇಳಿದರು. ಆಡಳಿತ ಮಂಡಳಿಯ ಕಾರ್ಯದರ್ಶಿ ಕೇಳಿದರು. ಮೂರು ಜನರ ಕಮಿಟಿ ಸ್ಟಾಫ್ ರೂಮಲ್ಲಿ ಕೂರಿಸಿ ಕೇಳಿತು. ‘ಎಷ್ಟು ಸಲ? ಸರಿಯಾಗಿ ನೆನಪು ಮಾಡ್ಕೋ’ ಅಂತ ಒಬ್ಬರು ಗದರಿದರು. ಹುಡುಗಿ ಭಯದಲ್ಲಿ ‘ಒಂದು ಸಲ’ ಅಂದಳು. ಶಾಲೆಯ ಲೆಟರ್‌ಹೆಡ್ ಮೇಲೆ ಹೇಳಿಕೆ ಬರೆದರು: ‘ಚಾಲಕರು ಒಂದು ಬಾರಿ ಅನುಚಿತವಾಗಿ ವರ್ತಿಸಿರುವುದಾಗಿ ತಿಳಿಸಿರುತ್ತೇನೆ.’ ಕೆಳಗೆ ಮಗುವಿನ ಸಹಿ, ಪೆನ್ಸಿಲ್ಲಿನಲ್ಲಿ. ಹನ್ನೊಂದು ದಿನ ಹೀಗೇ ಹೋಯಿತು. ಆಮೇಲೆ ಅಜ್ಜಿ ಠಾಣೆಗೆ ಹೋದರು. ಅಲ್ಲಿ ಮನೆಯವರ ಜೊತೆ ಧೈರ್ಯವಾಗಿ ಕೂತ ಮಗು ‘ಮೂರು ನಾಲ್ಕು ಸಲ’ ಅಂದಿತು.

ಪಾಟೀ ಸವಾಲಿನ ದಿನ ಆರೋಪಿ ಪರ ವಕೀಲರು ತೆಗೆದದ್ದು ಆ ಲೆಟರ್‌ಹೆಡ್ಡನ್ನೇ. ‘ಅನುಚಿತ’ ಅಂದರೆ ಏನು ಅಂತ ಆ ಹುಡುಗಿಗೆ ಗೊತ್ತಿರಲಿಲ್ಲ. ಆದರೂ ಕಾಗದ ಅವಳ ಸಹಿ ಹೊತ್ತು ನಿಂತಿತ್ತು. ಶಾಲೆಯಲ್ಲಿ ಒಂದು ಸಲ ಅಂದವಳು ಪೊಲೀಸರಿಗೆ ಮೂರು ನಾಲ್ಕು ಸಲ ಅಂದಳೇಕೆ ಅನ್ನುವ ಒಂದೇ ಪ್ರಶ್ನೆ ಸುತ್ತ ಅರ್ಧ ಗಂಟೆ ಕಳೆಯಿತು. ಡ್ರೈವರಿಗೆ ಅಷ್ಟು ಒಳ್ಳೆಯ ದಾಖಲೆಯನ್ನು ಅವನ ವಕೀಲರೂ ತಯಾರು ಮಾಡಲು ಆಗುತ್ತಿರಲಿಲ್ಲ. ಮಾಡಿಕೊಟ್ಟದ್ದು ಶಾಲೆ.

ಅದಕ್ಕೇ ಹೇಳುವುದು, ಮತ್ತೆ ಮತ್ತೆ ಕೇಳಬೇಡಿ. ಹುಡುಗಿ ಹೇಳಿದ್ದನ್ನು ಅವಳದೇ ಮಾತಲ್ಲಿ ಬರೆದಿಡಿ. ‘ಉಚ್ಚೆ ಮಾಡೋ ಜಾಗ’ ಅಂದಿದ್ದರೆ ಹಾಗೇ ಬರೆಯಿರಿ, ‘ಗುಪ್ತಾಂಗ’ ಅಂತ ತಿದ್ದಬೇಡಿ. ದಿನಾಂಕ, ಹೊತ್ತು, ಎಲ್ಲಿ ಹೇಳಿದಳು, ನೀವು ಏನು ಕೇಳಿದ್ದಕ್ಕೆ ಹೇಳಿದಳು ಅನ್ನುವುದೂ ಇರಲಿ. ಅವಳ ಕೈಯಲ್ಲಿ ಸಹಿ ಹಾಕಿಸಬೇಡಿ, ವಿಡಿಯೋ ಮಾಡಬೇಡಿ, ಡ್ರೈವರನ್ನು ಎದುರಿಗೆ ಕರೆಸಿ ‘ಇವರೇನಾ’ ಅಂತ ಕೇಳಬೇಡಿ. ಸ್ಟಾಫ್ ವಾಟ್ಸಾಪ್ ಗ್ರೂಪಿಗೆ ಒಂದಕ್ಷರವೂ ಹೋಗಬಾರದು. ಅವಳನ್ನು ಆ ವ್ಯಾನಿಗೆ ಮತ್ತೆ ಹತ್ತಿಸಬಾರದು ಅಂತಲೂ ನಾನು ಹೇಳಬೇಕಾ?

ಠಾಣೆಗೆ ಹೋದಾಗ ನೀವು ಹೇಳಿದ್ದನ್ನು ಬರೆದುಕೊಂಡು, ಓದಿ ಹೇಳಿ, ಪುಸ್ತಕದಲ್ಲಿ ನಂಬರ್ ಹಾಕಿ ನಮೂದಿಸಬೇಕು. ಎಫ್‌ಐಆರ್ ಪ್ರತಿ ಕೇಳಿ ತಗೊಳ್ಳಿ, ದುಡ್ಡು ಕೊಡಬೇಕಿಲ್ಲ. ‘ಮೊದಲು ವಿಚಾರಿಸಿ ಆಮೇಲೆ ಬರ್ಕೊಳ್ತೀವಿ’ ಅಂದರೆ, ದಾಖಲಿಸದ ಪೊಲೀಸರಿಗೂ 21ನೇ ಸೆಕ್ಷನ್ನಿನ ಅದೇ ಆರು ತಿಂಗಳು ಅನ್ವಯಿಸುತ್ತದೆ ಅಂತ ಮೆಲ್ಲಗೆ ನೆನಪಿಸಿ. ಒಬ್ಬರೇ ಹೋಗಲು ಭಯವಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಜೊತೆಗೆ ಯಾರನ್ನಾದರೂ ಕಳಿಸಲು ಕೇಳಿ. ಆದರೆ ಸಹಾಯವಾಣಿಗೆ ಹೇಳಿ ಸುಮ್ಮನಾಗುವುದು ನನಗೆ ಇಷ್ಟವಿಲ್ಲ, ಠಾಣೆಗೂ ಲಿಖಿತವಾಗಿ ಕೊಡಿ. ಇದು ನನ್ನ ಅತಿ ಎಚ್ಚರ ಅನ್ನಿಸಿದರೂ ಪರವಾಗಿಲ್ಲ.

ಇನ್ನು ಮಗುವಿಗೆ ಆಗುವ ಹಿಂಸೆ. ಭಯ ಸುಳ್ಳಲ್ಲ, ಆದರೆ ನೀವು ಕೇಳಿರುವುದು ಹಳೇ ಕಥೆ. ಕಾಯ್ದೆಯ ಪ್ರಕಾರ ಹುಡುಗಿಯನ್ನು ಠಾಣೆಗೆ ಕರೆಸಬೇಕಿಲ್ಲ. ಆದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿ, ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇಲ್ಲದವರು, ಮಫ್ತಿಯಲ್ಲಿ ಮನೆಗೋ ಅವಳು ಹೇಳಿದ ಜಾಗಕ್ಕೋ ಬಂದು ಹೇಳಿಕೆ ಪಡೆಯಬೇಕು. ಅವಳು ನಂಬುವ ಒಬ್ಬರು ಜೊತೆಗಿರಬೇಕು. ಆರೋಪಿ ಅವಳ ಕಣ್ಣಿಗೆ ಬೀಳಬಾರದು. ಖಾಕಿ ತೊಟ್ಟವರು ಬೆಳಗಿನ ಪ್ರಾರ್ಥನೆ ಹೊತ್ತಿಗೆ ಶಾಲೆಗೆ ಬಂದರೆ ಗೇಟಲ್ಲೇ ಇದನ್ನು ಅವರಿಗೆ ನೆನಪಿಸಿ.

24 ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಕೊಡಬೇಕು. ಇಲ್ಲಿ ಒಂದು ವಿಷಯ ಜನ ಕೇಳುವುದೇ ಇಲ್ಲ. ಸಮಿತಿ ಒಬ್ಬ ಬೆಂಬಲ ವ್ಯಕ್ತಿಯನ್ನು ನೇಮಿಸುತ್ತದೆ. ಇವರು ವಕೀಲರಲ್ಲ. ಆಸ್ಪತ್ರೆಗೆ, ಮ್ಯಾಜಿಸ್ಟ್ರೇಟರ ಹತ್ತಿರಕ್ಕೆ, ಕೋರ್ಟಿಗೆ ಜೊತೆಗೆ ಬರುವವರು, ಮುಂದಿನ ತಾರೀಖು ಯಾವಾಗ ಅಂತ ಮನೆಯವರಿಗೆ ಹೇಳುವವರು. ವಾರವಾದರೂ ಯಾರೂ ಫೋನ್ ಮಾಡಲಿಲ್ಲ ಅಂದರೆ ಆ ಕೇಸ್ ಅನಾಥವಾಗಿದೆ ಅಂತ ತಿಳಿಯಿರಿ. ತಂದೆ ತಾಯಿಯನ್ನು ಸಮಿತಿಯ ಕಚೇರಿಗೆ ಕಳಿಸಿ ಅರ್ಜಿ ಕೊಡಿಸಿ. ಕೇಸ್ ಬೇಡ ಅನ್ನುತ್ತಿದ್ದ ಅಪ್ಪ ಅಮ್ಮ ಮನಸ್ಸು ಬದಲಿಸಿದ್ದನ್ನು ನಾನು ಜಾಸ್ತಿ ನೋಡಿರುವುದು ಈ ವ್ಯಕ್ತಿ ಮನೆ ಬಾಗಿಲಿಗೆ ಬಂದ ಮೇಲೆಯೇ.

ಮ್ಯಾಜಿಸ್ಟ್ರೇಟರ ಮುಂದೆ ಕೊಡುವ ಹೇಳಿಕೆಯ ಹೊತ್ತಿಗೆ ಆರೋಪಿ ಪರ ವಕೀಲರು ಇರುವಂತಿಲ್ಲ. ವಿಚಾರಣೆಯಲ್ಲಿ ಇರುತ್ತಾರೆ, ಆದರೆ ಮಗುವನ್ನು ನೇರವಾಗಿ ಕೇಳುವಂತಿಲ್ಲ. 33ನೇ ಸೆಕ್ಷನ್ ಪ್ರಕಾರ ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರು ಮಗುವಿಗೆ ಕೇಳುತ್ತಾರೆ. ಇದು ಚಿಕ್ಕ ಬದಲಾವಣೆ ಅನ್ನಿಸಬಹುದು, ಕೋರ್ಟಲ್ಲಿ ಕೂತು ನೋಡಿದರೆ ಗೊತ್ತಾಗುತ್ತದೆ. ‘ಟೀಚರ್ ಹೇಳಿಕೊಟ್ಟ ಕಾರಣ ನೀನು ಡ್ರೈವರ್ ಮೇಲೆ ಸುಳ್ಳು ಹೇಳಿಕೆ ನೀಡಿದ್ದೀಯ ಅಲ್ಲವೇ’ ಅಂತ ವಕೀಲರು ಬರೆದುಕೊಟ್ಟದ್ದನ್ನು ಒಬ್ಬ ನ್ಯಾಯಾಧೀಶರು ಹೀಗೆ ಕೇಳಿದರು: ‘ಪುಟ್ಟಾ, ಇದನ್ನೆಲ್ಲ ಹೇಳು ಅಂತ ಯಾರಾದ್ರೂ ನಿನಗೆ ಹೇಳಿಕೊಟ್ರಾ?’ ಪ್ರಶ್ನೆ ಅದೇ, ಆರೋಪಿಯ ಹಕ್ಕಿಗೆ ಏನೂ ಕಡಿಮೆಯಾಗಲಿಲ್ಲ. ಮಗು ‘ಇಲ್ಲ’ ಅಂದಿತು, ನೀರು ಕುಡಿಯಿತು.

ಬಾಗಿಲು ಮುಚ್ಚಿಯೇ ವಿಚಾರಣೆ ನಡೆಯುತ್ತದೆ. ಆರೋಪಿ ಪರದೆಯ ಆಚೆಯೋ ವಿಡಿಯೋ ಕೊಠಡಿಯ ಆಚೆಯೋ ಇರುತ್ತಾನೆ. ಅವನಿಗೆ ಮಾತು ಕೇಳಬೇಕು, ಮಗುವಿಗೆ ಅವನು ಕಾಣಬಾರದು. ಮಧ್ಯೆ ಮಧ್ಯೆ ಬಿಡುವು ಕೇಳಬಹುದು.

ಎಲ್ಲ ಚೆಂದ ಅಲ್ವಾ? ಕೆಡುವುದು ಬಾಗಿಲಿನ ಹೊರಗೆ. ಒಳಗೆ ಪರದೆ ಕಟ್ಟಿರುತ್ತಾರೆ, ಹೊರಗೆ ಕಾರಿಡಾರಿನ ಅದೇ ಬೆಂಚಿನಲ್ಲಿ ಆರೋಪಿಯ ಅಣ್ಣ ತಮ್ಮಂದಿರು ಕೂತು ದುರುಗುಟ್ಟಿ ನೋಡುತ್ತಿರುತ್ತಾರೆ. ಬೆಳಿಗ್ಗೆ ಹತ್ತೂವರೆಗೆ ಬಂದ ಮಗುವನ್ನು ಸಂಜೆ ನಾಲ್ಕಕ್ಕೆ ಕರೆದು ಇನ್ನೊಂದು ತಾರೀಖು ಕೊಡುತ್ತಾರೆ. ಇದಕ್ಕೆ ಮೊದಲೇ ಸರ್ಕಾರಿ ವಕೀಲರನ್ನು ಕಂಡು, ಬೇರೆ ಬಾಗಿಲು, ಕಾಯಲು ಬೇರೆ ಕೋಣೆ, ಇಂಥ ಹೊತ್ತಿಗೇ ಕರೆಯಬೇಕು ಅಂತ ನ್ಯಾಯಾಲಯಕ್ಕೆ ಅರ್ಜಿ ಹಾಕಿಸಬೇಕು. ಕೇಳಿದರೆ ಸಾಮಾನ್ಯವಾಗಿ ಸಿಗುತ್ತದೆ. ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ, ಸಾಧ್ಯವಾದ ಮಟ್ಟಿಗೆ ಒಂದು ವರ್ಷದೊಳಗೆ ವಿಚಾರಣೆ ಮುಗಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಅದನ್ನು ನಂಬಿ ಮಗುವಿಗೆ ದಿನಾಂಕ ಹೇಳಬೇಡಿ. ನನ್ನ ಅನುಭವದಲ್ಲಿ ಎರಡೂ ಬಹಳ ಸಲ ತಪ್ಪುತ್ತವೆ.

ಕೋರ್ಟಿಗೆ ಮುಂಚೆ ಉತ್ತರ ಬಾಯಿಪಾಠ ಮಾಡಿಸಬೇಡಿ. ‘ಗೊತ್ತಿಲ್ಲ’, ‘ಮರೆತುಹೋಯ್ತು’, ‘ಪ್ರಶ್ನೆ ಅರ್ಥ ಆಗಲಿಲ್ಲ’ ಅನ್ನಬಹುದು ಅಂತ ಮಾತ್ರ ಹೇಳಿಕೊಡಿ.

ಪ್ರಶ್ನೆ: ನಾನು ಸಣ್ಣ ಕ್ಲಿನಿಕ್ ನಡೆಸುವ ಡಾಕ್ಟರ್. ಇಂಥ ಮಗು ಬಂದರೆ ಪೊಲೀಸ್ ಪತ್ರ ತನ್ನಿ ಅಂತ ಕಳಿಸುತ್ತೇನೆ. ಸರಿ ತಾನೇ?

ಉತ್ತರ: ತಪ್ಪು. ಚಿಕಿತ್ಸೆಗೆ ಯಾವ ಪತ್ರವನ್ನೂ ಕೇಳುವಂತಿಲ್ಲ ಅಂತ 2020ರ ಪೋಕ್ಸೊ ನಿಯಮಗಳಲ್ಲೇ ಇದೆ. ಪರೀಕ್ಷೆಗೂ ಎಫ್‌ಐಆರ್ ಆಗಿರಬೇಕಿಲ್ಲ, ಹುಡುಗಿಯಾದರೆ ಮಹಿಳಾ ವೈದ್ಯರೇ ಮಾಡಬೇಕು. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು. ನಿಮ್ಮ ‘ಪತ್ರ ತನ್ನಿ’ ಅದರಲ್ಲಿ ಒಂದು ದಿನ ತಿನ್ನುತ್ತದೆ. ಗಾಯ ಇಲ್ಲ ಅಂದರೆ ಏನೂ ಆಗಿಲ್ಲ ಅಂತಲೂ ಬರೆಯಬೇಡಿ. ವರದಿ ಮಾಡುವ ಹೊಣೆ ನಿಮ್ಮ ಮೇಲೂ ಇದೆ. ಮಹಾರಾಷ್ಟ್ರದ ಹಾಸ್ಟೆಲ್ ಮಕ್ಕಳಿಗೆ ಚಿಕಿತ್ಸೆ ಕೊಟ್ಟು ಪೊಲೀಸರಿಗೆ ತಿಳಿಸದ ಆರೋಪ ಹೊತ್ತ ವೈದ್ಯರೊಬ್ಬರ ಮೇಲಿನ ಕೇಸನ್ನು ಹೈಕೋರ್ಟ್ ರದ್ದು ಮಾಡಿತ್ತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಜೀವಂತ ಮಾಡಿತು.

ಪ್ರಶ್ನೆ: ಎರಡೂ ಮನೆಯವರು ಕೂತು ರಾಜಿಯಾಗಿ ಪತ್ರ ಬರೆಸಿಕೊಂಡಿದ್ದೇವೆ. ಕೇಸ್ ಮುಗಿದಂತೆಯೇ?

ಉತ್ತರ: ಇಲ್ಲ. ರಾಜಸ್ಥಾನದ ಶಿಕ್ಷಕನೊಬ್ಬನ ಕೇಸಿನಲ್ಲಿ ಹೈಕೋರ್ಟ್ ಒಪ್ಪಿದ್ದ ಇಂಥದೇ ರಾಜಿಯನ್ನು 2024ರಲ್ಲಿ ಸುಪ್ರೀಂ ಕೋರ್ಟ್ ಪಕ್ಕಕ್ಕಿಟ್ಟಿತು.

ಪ್ರಶ್ನೆ: ನಮ್ಮೂರ ಹಿರಿಯರು ಮಗುವನ್ನೂ ಅವನನ್ನೂ ದೇವಸ್ಥಾನದಲ್ಲಿ ಆಣೆ ಪ್ರಮಾಣ ಮಾಡಿಸಿ ನಿಜ ತಿಳಿಯೋಣ ಅಂತಾರೆ. ಒಬ್ಬರು ಮಗುವಿಗೆ ಭಯ ಹೋಗಲು ತಾಯತವನ್ನೂ ಕಟ್ಟಿದ್ದಾರೆ.

ಉತ್ತರ: ತಾಯತ ಕಟ್ಟಿದವರಿಗೂ ಹಿರಿಯರಿಗೂ ಈಗ ವಿಷಯ ಗೊತ್ತಾಗಿದೆ ತಾನೇ? ಹಾಗಾದರೆ 19ನೇ ಸೆಕ್ಷನ್ ಅವರ ಮೇಲೂ ಬಂತು. ಅವರೂ ಠಾಣೆಗೆ ಹೋಗಬೇಕು. ಆಣೆಗೆ ಇಟ್ಟುಕೊಂಡ ಮುಹೂರ್ತಕ್ಕೆ ಮುಂಚೆಯೇ ಹೋಗಲಿ.