ಐದು ಕಂಪನಿ, ನಾಲ್ಕು ಕೊಂಡಿ: ಬಯೋದಲ್ಲಿ ಮೊದಲು ಬರೆದದ್ದು, ಆಮೇಲೆ ಬರೆದದ್ದು

ಪ್ರಶ್ನೆ: ಆರು ವರ್ಷದಲ್ಲಿ ಐದು ಕಂಪನಿ ಬದಲಾಯಿಸಿದ್ದೇನೆ, ಎಲ್ಲೂ ಒಂದೂವರೆ ವರ್ಷ ದಾಟಿಲ್ಲ. ಲಿಂಕ್ಡ್‌ಇನ್ ಬಯೋದಲ್ಲಿ ಇದು ಚಂಚಲತೆ ಅನ್ನಿಸದೆ, ಯೋಚಿಸಿಯೇ ಮಾಡಿದ ಬೆಳವಣಿಗೆ ಅನ್ನಿಸುವ ಹಾಗೆ ಬರೆಯೋದು ಹೇಗೆ?

2017ರ ಜುಲೈನಲ್ಲಿ ನಾನೂ ಇದೇ ಯೋಚನೆಯಲ್ಲಿದ್ದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್ ಕೆಲಸ, ನಾಲ್ಕು ವರ್ಷಕ್ಕೆ ಐದನೇ ಕಂಪನಿ. ಮೊದಲನೆಯದರಲ್ಲಿ 14 ತಿಂಗಳು, ಎರಡನೆಯದರಲ್ಲಿ 11, ಮೂರನೆಯದರಲ್ಲಿ ಬರೀ 4, ನಾಲ್ಕನೆಯದರಲ್ಲಿ 14. ಐದನೆಯದಕ್ಕೆ ಸೇರಿ ಆರು ತಿಂಗಳಾಗಿತ್ತು, ಆಗಲೇ ಆರನೆಯದನ್ನು ಹುಡುಕುತ್ತಿದ್ದೆ.

ಒಂದು ಭಾನುವಾರ ಪೂರ್ತಿ ಕೂತು ಬಯೋ ಬರೆದೆ. ಪ್ರತಿ ಬದಲಾವಣೆಯೂ ನಾನೇ ಹಾಕಿಕೊಂಡ ಯೋಜನೆಯ ಒಂದೊಂದು ಮೆಟ್ಟಿಲು, ಒಂದು ಕಡೆ ಕಲಿಯುವುದು ಮುಗಿದ ಕೂಡಲೇ ಮುಂದಿನ ಸವಾಲು ಹುಡುಕಿಕೊಂಡು ಹೋಗುವವಳು ನಾನು, ಅಂತೆಲ್ಲ. ಓದೋಕೆ ಚೆನ್ನಾಗಿಯೇ ಇತ್ತು. ಆದರೆ ಆ ನಾಲ್ಕು ತಿಂಗಳು ಮಾತ್ರ ಯಾವ ಮೆಟ್ಟಿಲಿಗೂ ಹೊಂದುತ್ತಿರಲಿಲ್ಲ. ಅಲ್ಲಿನ ಮ್ಯಾನೇಜರ್ ಜೊತೆ ಹೊಂದಿಕೆಯಾಗದೆ ಬಿಟ್ಟು ಬಂದಿದ್ದೆ, ಕಲಿತದ್ದು ಏನೂ ಇರಲಿಲ್ಲ. ಹಾಗಾಗಿ ಅದನ್ನು ಕಿತ್ತು ಹಾಕಿದೆ. ನಡುವೆ ಖಾಲಿ ಕಾಣಬಾರದು ಅಂತ, ಎರಡನೇ ಕಂಪನಿಯಲ್ಲಿ 2015ರ ಜುಲೈಗೆ ಮುಗಿದಿದ್ದ ಕೆಲಸವನ್ನು ನವೆಂಬರ್‌ವರೆಗೆ ಎಳೆದೆ. ಐದು ನಾಲ್ಕಾಯಿತು, 11 ತಿಂಗಳು 15 ಆಯಿತು.

ನನಗೆ ದುಬಾರಿಯಾದ ತಪ್ಪು ಇದೇ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಿಂಗಳುಗಳನ್ನು ತಿದ್ದುವಾಗ ಮೋಸ ಮಾಡುತ್ತಿದ್ದೇನೆ ಅಂತ ನನಗೆ ಅನ್ನಿಸಲೇ ಇಲ್ಲ. ‘ಎಲ್ಲವೂ ಬೇಕೆಂದೇ ಮಾಡಿದ್ದು’ ಅಂತ ಮೊದಲ ಸಾಲಿನಲ್ಲಿ ಬರೆದುಬಿಟ್ಟಿದ್ದೆ. ಆ ಸಾಲನ್ನು ಉಳಿಸಿಕೊಳ್ಳಬೇಕಾದರೆ ಹೊಂದದೆ ಇರುವುದನ್ನು ತೆಗೆಯಲೇಬೇಕಿತ್ತು. ಅಂದರೆ ದಿನಾಂಕದ ಸುಳ್ಳು ಹುಟ್ಟಿದ್ದು ಆ ಮೊದಲ ಸಾಲಿನಿಂದ. ‘ಕೆಲವು ಬೇಕೆಂದು, ಕೆಲವು ಹಾಗೇ ಆದವು’ ಅಂತ ಬರೆದಿದ್ದರೆ ಏನನ್ನೂ ಮುಚ್ಚಿಡಬೇಕಾಗುತ್ತಿರಲಿಲ್ಲ.

ಮುಚ್ಚಿಟ್ಟದ್ದು ಉಳಿಯಲೂ ಇಲ್ಲ. ಸೆಪ್ಟೆಂಬರ್‌ನಲ್ಲಿ ಆಫರ್ ಬಂತು, ರಾಜೀನಾಮೆ ಕೊಟ್ಟು 90 ದಿನದ ನೋಟಿಸ್ ಶುರು ಮಾಡಿದೆ. ಹೊಸ ಕಂಪನಿಯವರು ಹಿನ್ನೆಲೆ ಪರಿಶೀಲನೆಗೆ ಒಂದು ಫಾರ್ಮ್ ಕಳಿಸಿದರು. ಅದರಲ್ಲಿ ಯುಎಎನ್ ಕೇಳಿದ್ದರು, ಅದೇ ಪಿಎಫ್‌ನ 12 ಅಂಕಿಯ ನಂಬರ್. ಅದು ಜಾರಿಗೆ ಬಂದದ್ದು 2014ರಲ್ಲಿ. ನನಗೆ ಅದು ಪಿಎಫ್ ದುಡ್ಡು ಎಷ್ಟಿದೆ ನೋಡುವ ನಂಬರ್, ಅಷ್ಟೇ. ಎಷ್ಟು ಕಂಪನಿ ಬದಲಾಯಿಸಿದರೂ ಆ ನಂಬರ್ ಒಂದೇ ಇರುತ್ತದೆ, ಪ್ರತಿ ಕಂಪನಿಯೂ ಅದರ ಕೆಳಗೆ ಒಂದು ಸದಸ್ಯ ಖಾತೆ ತೆರೆಯುತ್ತದೆ. ಇಪಿಎಫ್‌ಒ ಪೋರ್ಟಲ್‌ನಲ್ಲಿ Service History ತೆರೆದರೆ ಕಂಪನಿಯ ಹೆಸರು, ಸೇರಿದ ದಿನ, ಬಿಟ್ಟ ದಿನ ಸಾಲಾಗಿ ಬರುತ್ತವೆ. ಪಾಸ್‌ಬುಕ್‌ನಲ್ಲಿ ಯಾವ ತಿಂಗಳು ಯಾರು ದುಡ್ಡು ಕಟ್ಟಿದರು ಅನ್ನುವುದೂ ಇರುತ್ತದೆ. ನಾನು ಎರಡನೇ ಕಂಪನಿಯಲ್ಲಿದ್ದೆ ಅಂತ ಬರೆದುಕೊಂಡ 2015ರ ಆಗಸ್ಟ್‌ನಿಂದ ನವೆಂಬರ್‌ವರೆಗೆ ಪಿಎಫ್ ಕಟ್ಟಿದ್ದು ಮೂರನೆಯವರು.

ನೋಟಿಸ್‌ನ ಅರವತ್ತನೇ ದಿನದ ಆಸುಪಾಸು ಎಚ್‌ಆರ್ ಫೋನ್ ಮಾಡಿದರು. “ನೀವು ಕೊಟ್ಟ ದಿನಾಂಕಕ್ಕೂ ದಾಖಲೆಗೂ ತಾಳೆ ಆಗ್ತಿಲ್ಲ. ಹೇಳೋದೇನಾದ್ರೂ ಇದೆಯಾ?” ಅಂದರು. ಮ್ಯಾನೇಜರ್ ಜೊತೆಗಿನ ಜಗಳ ಹೇಳಿದೆ. “ಅದನ್ನ ಮೊದಲೇ ಹೇಳಿದ್ರೆ ನಮಗೇನೂ ತೊಂದರೆ ಇರಲಿಲ್ಲ” ಅಂದರು. ಎರಡು ದಿನಕ್ಕೆ ಆಫರ್ ಹಿಂದಕ್ಕೆ ಹೋಯಿತು. ಇದ್ದ ಕಂಪನಿಯಲ್ಲಿ ನನ್ನ ಜಾಗಕ್ಕೆ ಆಗಲೇ ಬೇರೆಯವರನ್ನು ತೆಗೆದುಕೊಂಡಿದ್ದರು. ಡಿಸೆಂಬರ್‌ನಿಂದ ಮೂರು ತಿಂಗಳು ಮನೆಯಲ್ಲಿ ಕೂತೆ. ಬಾಡಿಗೆ ಕಟ್ಟಲು ಅಣ್ಣನ ಹತ್ತಿರ ಸಾಲ ಮಾಡಿದೆ.

ಆ ಮೂರು ತಿಂಗಳಲ್ಲಿ ಬಯೋವನ್ನು ಮೊದಲಿನಿಂದ ಬರೆದೆ, ನಿಮಗೆ ಹೇಳಬೇಕಾದದ್ದು ಅದನ್ನೇ. ಐದು ಕಂಪನಿ ಅಂದರೆ ನಡುವೆ ನಾಲ್ಕು ಕೊಂಡಿ. ಒಂದು ಹಾಳೆಯಲ್ಲಿ ಕಂಪನಿಗಳನ್ನು ಬರೆಯದೆ ಬರೀ ಆ ನಾಲ್ಕು ಕೊಂಡಿಗಳನ್ನು ಬರೆದೆ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಮುಂದೆ ಮಾಡಿದ ಕೆಲಸದ ಗುರುತು ರಾಜೀನಾಮೆಗಿಂತ ಮುಂಚೆ ಎಲ್ಲಾದರೂ ಇತ್ತಾ? ನನ್ನ ಅನುಭವದಲ್ಲಿ ಬೆಳವಣಿಗೆಯ ಗುರುತು ಹಳೇ ಕಂಪನಿಯಲ್ಲೇ ಸಿಗುತ್ತದೆ. ಬೇಸರದಿಂದಲೋ ಸಂಬಳಕ್ಕೋ ಬಿಟ್ಟದ್ದಕ್ಕೆ ಕಾರಣ ಹುಟ್ಟುವುದು ಹೊಸ ಕಂಪನಿಗೆ ಸೇರಿದ ಮೇಲೆ.

ಮೊದಲನೇ ಕೊಂಡಿ ಗಟ್ಟಿ ಇತ್ತು. ಬಿಲ್ಲಿಂಗ್ ಪರದೆಗಳ ಅವೇ ಪರೀಕ್ಷೆಗಳನ್ನು ಪ್ರತಿ ರಿಲೀಸ್‌ಗೂ ಕೈಯಲ್ಲಿ ಮಾಡಿ ಮಾಡಿ ಸಾಕಾಗಿ, ಸಂಜೆ ಮನೆಗೆ ಬಂದು, ಅಂಥ ಪರೀಕ್ಷೆಗಳನ್ನು ಬ್ರೌಸರ್‌ನಲ್ಲಿ ತಾನೇ ನಡೆಸುವ ಸೆಲೆನಿಯಂ ಕಲಿತಿದ್ದೆ. ಹತ್ತು ಪರೀಕ್ಷೆಗಳನ್ನು ಅದರಲ್ಲಿ ಬರೆದು ಲೀಡ್‌ಗೆ ತೋರಿಸಿದ್ದೆ. ಆ ಪ್ರಾಜೆಕ್ಟಿನಲ್ಲಿ ಅದಕ್ಕೆ ಜಾಗ ಇರಲಿಲ್ಲ, ಜಾಗ ಇದ್ದಲ್ಲಿಗೆ ಹೋದೆ. ಎರಡನೇ ಕೊಂಡಿಯಲ್ಲಿ ಸಂಬಳ ಬಿಟ್ಟರೆ ಏನೂ ಇರಲಿಲ್ಲ. ಮೂರನೆಯದು ತಪ್ಪಿಸಿಕೊಂಡು ಓಡಿದ್ದು. ನಾಲ್ಕನೆಯದು ಮತ್ತೆ ನಿಜ: ಸಾಫ್ಟ್‌ವೇರ್‌ಗಳು ಒಂದನ್ನೊಂದು ಕರೆಯುವ ಎಪಿಐಗೆ ಪರೀಕ್ಷೆ ಬರೆಯುತ್ತಿದ್ದಾಗ ಒಂದೊಂದಾಗಿ ಕರೆದರೆ ಸರಿಯಾಗಿ ಉತ್ತರಿಸುವ ಸರ್ವರ್, ಒಂದೇ ಸಲ ಬಹಳ ಜನ ಕರೆದರೆ ನಿಧಾನವಾಗುವುದನ್ನು ನೋಡಿ, ಅಲ್ಲೇ ಜೆಮೀಟರ್ ಅನ್ನುವ ಉಪಕರಣ ಹಾಕಿ ಅಳೆದಿದ್ದೆ. ಐದನೇ ಕಂಪನಿಗೆ ಸೇರಿದ್ದೇ ಪರ್ಫಾರ್ಮೆನ್ಸ್ ಟೆಸ್ಟಿಂಗ್‌ಗೆ.

ನಾಲ್ಕರಲ್ಲಿ ಎರಡು. ಹೊಸ ಬಯೋದಲ್ಲಿ ಆ ಎರಡರ ಬಗ್ಗೆ ಮಾತ್ರ ಬರೆದೆ. ಉಳಿದೆರಡಕ್ಕೆ ಕಾರಣ ಕಟ್ಟಲಿಲ್ಲ. ಆದರೆ ಕೆಳಗಿನ ಅನುಭವದ ಪಟ್ಟಿಯಲ್ಲಿ ಐದೂ ಕಂಪನಿಗಳನ್ನು ನಿಜವಾದ ತಿಂಗಳುಗಳ ಜೊತೆ ಹಾಕಿದೆ. ಬಯೋ ಎಲ್ಲಕ್ಕೂ ವಿವರಣೆ ಕೊಡಬೇಕಿಲ್ಲ, ಪಟ್ಟಿ ಮಾತ್ರ ಏನನ್ನೂ ಬಿಡುವಂತಿಲ್ಲ.

ಕೆಲಸ ಕೊಡುವವರ ಭಯ ಏನು ಅಂತ ನನಗೆ ತಿಳಿದದ್ದು ಇನ್ನೂ ಆಮೇಲೆ. ಅದೇ ಹಾಳೆಯಲ್ಲಿ ಕೊನೆಗೆ ಸೇರಿಸಿದ ‘ನಾನು ಬಿಟ್ಟ ಮೇಲೆ ಆ ಕೆಲಸ ಏನಾಯಿತು’ ಅನ್ನುವ ಸಾಲಿಗೆ ಬರೆಯಲು ನನ್ನ ಹತ್ತಿರ ಏನೂ ಇರಲಿಲ್ಲ. ಎರಡನೇ ಕಂಪನಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ದಾವಣಗೆರೆಯ ಹುಡುಗನಿಗೆ ಫೋನ್ ಮಾಡಿದೆ. ಅಲ್ಲಿ ನಾನು 140 ಪರೀಕ್ಷೆಗಳ ಸೂಟ್, ಅಂದರೆ ಒಟ್ಟಿಗೆ ಓಡಿಸುವ ಗುಂಪು, ಕಟ್ಟಿದ್ದೆ, ಪ್ರತಿ ಇಂಟರ್‌ವ್ಯೂನಲ್ಲೂ ಹೆಮ್ಮೆಯಿಂದ ಹೇಳುತ್ತಿದ್ದೆ. “ಅಕ್ಕಾ, ನೀವು ಹೋದ ಮೂರನೇ ತಿಂಗಳಿಗೇ ಅದನ್ನ ನಿಲ್ಲಿಸಿಬಿಟ್ವಿ” ಅಂದ. “ಮೆನು ಬದಲಾಯ್ತು, ಅರ್ಧಕ್ಕರ್ಧ ಫೇಲ್ ಆಗೋಕೆ ಶುರು. ಸರಿಮಾಡೋಕೆ ಯಾರಿಗೂ ಟೈಮ್ ಇರ್ಲಿಲ್ಲ.”

ಕಾರಣ ನನಗೆ ಕೂಡಲೇ ಹೊಳೆಯಿತು. ಬಟನ್‌ಗಳನ್ನು ಹುಡುಕಲು ನಾನು ಪುಟದ ತಲೆಯಿಂದ ಶುರುವಾಗುವ ಪೂರ್ತಿ ದಾರಿ ಕೊಟ್ಟಿದ್ದೆ, `/html/body/div[2]/div[1]/button` ಥರ. ಮೇಲೆ ಒಂದು ಡಬ್ಬಿ ಹೊಸದಾಗಿ ಸೇರಿದರೆ ಸಾಕು, ಕೆಳಗಿನ ದಾರಿಗಳೆಲ್ಲ ತಪ್ಪುತ್ತವೆ. ಬಟನ್‌ಗೆ ಅದರದೇ ಐಡಿ ಇದ್ದರೆ ಅದನ್ನು ಹಿಡಿದು ಬರೆಯಬೇಕಿತ್ತು. ಇನ್ನೊಂದು ಆರು ತಿಂಗಳು ಅಲ್ಲೇ ಇದ್ದಿದ್ದರೆ ಆ ತಪ್ಪಿನ ಪೆಟ್ಟು ನನಗೇ ಬೀಳುತ್ತಿತ್ತು, ನಾನೇ ಕಲಿಯುತ್ತಿದ್ದೆ. ಬೇಗ ಬಿಡುವವರ ಬಗ್ಗೆ ಇರುವ ನಿಜವಾದ ಅನುಮಾನ ಇದು: ಇವರು ತಾವು ಮಾಡಿದ ಕೆಲಸ ಹಳೆಯದಾಗುವುದನ್ನು ಒಮ್ಮೆಯಾದರೂ ನೋಡಿದ್ದಾರಾ? ಸೆಲೆನಿಯಂ, ಎಪಿಐ, ಜೆಮೀಟರ್ ಅಂತ ಉಪಕರಣಗಳ ಹೆಸರು ಎಷ್ಟೇ ಪೋಣಿಸಿದರೂ ಆ ಅನುಮಾನ ಹೋಗಲ್ಲ. ಹತ್ತು ತಿಂಗಳಲ್ಲಿ ಯಾರು ಬೇಕಾದರೂ ಒಂದು ಉಪಕರಣ ಕಲಿಯಬಹುದು.

ಸೂಟ್ ನಿಂತುಹೋದ ಈ ಸುದ್ದಿಯನ್ನೂ ‘ಆದ್ದರಿಂದ’ ಅಂತ ಬಳಸಿಕೊಳ್ಳುವ ಆಸೆ ಬಂತು. ‘ಆ ಸೂಟ್ ಬಿದ್ದದ್ದರಿಂದ ಪಾಠ ಕಲಿತು ಎಪಿಐ ಕಡೆಗೆ ಹೋದೆ’ ಅಂತ ಬರೆದರೆ ಎಷ್ಟು ಚೆನ್ನಾಗಿರುತ್ತದೆ! ಆದರೆ ಎಪಿಐ ಕೆಲಸ ಮಾಡುವಾಗ ನನಗೆ ಆ ವಿಷಯವೇ ಗೊತ್ತಿರಲಿಲ್ಲ. ಇಂಥ ಜಾಗದಲ್ಲಿ ಹುಷಾರಾಗಿರಿ. ಇಂಟರ್‌ವ್ಯೂನಲ್ಲಿ ಒಂದು ‘ಯಾವಾಗ ಗೊತ್ತಾಯಿತು?’ ಬಂದರೆ ಅದು ಕುಸಿಯುತ್ತದೆ.

ಕೊನೆಗೆ ಉಳಿದ ಬಯೋ ಇಷ್ಟು (ಬರೆದದ್ದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ):

“ನಾಲ್ಕೂವರೆ ವರ್ಷದಿಂದ ಟೆಸ್ಟಿಂಗ್, ಐದು ಕಂಪನಿಗಳಲ್ಲಿ. ಬಿಲ್ಲಿಂಗ್ ಪರದೆಗಳನ್ನು ಕೈಯಲ್ಲಿ ಪರೀಕ್ಷಿಸುತ್ತಾ ಆಟೊಮೇಶನ್ ಕಲಿತೆ, 140 ಪರೀಕ್ಷೆಗಳ ಸೂಟ್ ಕಟ್ಟಿದೆ. ನಾನು ಬಿಟ್ಟ ಮೂರು ತಿಂಗಳಿಗೆ ಅದು ನಿಂತಿತು. ಯಾಕೆ ನಿಂತಿತು ಅಂತ ಈಗ ಗೊತ್ತು. ಎಪಿಐ ಪರೀಕ್ಷೆಗಳಿಂದ ಪರ್ಫಾರ್ಮೆನ್ಸ್ ಕಡೆಗೆ ಬಂದೆ. ಕಟ್ಟಿದ್ದನ್ನು ವರ್ಷಗಟ್ಟಲೆ ನಾನೇ ನೋಡಿಕೊಳ್ಳುವಂಥ ಕೆಲಸ ಹುಡುಕುತ್ತಿದ್ದೇನೆ.”

ಬಯೋದ ಮೊದಲ ಕೆಲವು ಸಾಲು ಮಾತ್ರ ತೆರೆದಿರುತ್ತವೆ, ಉಳಿದದ್ದು ಒತ್ತಿದರೆ ಕಾಣುತ್ತದೆ. ಹಾಗಾಗಿ ‘ಐದು ಕಂಪನಿ’ಯನ್ನು ಮೊದಲ ಸಾಲಿನಲ್ಲೇ ಇಟ್ಟೆ, ಓದುವವರು ತಾವೇ ಎಣಿಸಿ ಕಂಡುಹಿಡಿಯುವುದು ಬೇಡ ಅಂತ. ನಿಮ್ಮ ಐದರಲ್ಲಿ ಕಾಂಟ್ರಾಕ್ಟ್ ಕೆಲಸವೋ ಮುಚ್ಚಿಹೋದ ಕಂಪನಿಯೋ ಇದ್ದರೆ ಆಯಾ ಕಂಪನಿಯ ಕೆಳಗೆ ಒಂದೇ ಸಾಲಿನಲ್ಲಿ ಹೇಳಿಬಿಡಿ. ಅವುಗಳಿಗೆ ಬೆಳವಣಿಗೆಯ ಬಣ್ಣ ಬೇಕಿಲ್ಲ.

ಎಲ್ಲರಿಗೂ ಇದು ಹಿಡಿಸಲಿಲ್ಲ. ಕಂಪನಿಗಳನ್ನು ಎಣಿಸಿಯೇ ಪಕ್ಕಕ್ಕಿಡುವವರು ಪಕ್ಕಕ್ಕಿಟ್ಟರು, ಅವರ ಹತ್ತಿರ ಯಾವ ಬಯೋವೂ ನಡೆಯಲ್ಲ. ನಿಮ್ಮ ನಾಲ್ಕು ಕೊಂಡಿಗಳಲ್ಲಿ ಒಂದೂ ಗಟ್ಟಿ ಇಲ್ಲದಿದ್ದರೆ ಬಯೋ ಬರೆಯುವುದನ್ನೇ ಬಿಡಿ, ಈಗಿರುವ ಕಡೆ ಎರಡು ವರ್ಷ ಇರಿ. ಇಲ್ಲದ ಬೆಳವಣಿಗೆಯನ್ನು ಕಾಣಿಸುವ ಹಾಗೆ ಬರೆಯುವುದು ಹೇಗೆ ಅಂತ ಹೇಳಿಕೊಡಲು ನನಗೆ ಮನಸ್ಸಿಲ್ಲ.

2018ರ ಮಾರ್ಚ್‌ನಲ್ಲಿ ಕೆಲಸ ಸಿಕ್ಕಿತು. ಇಂಟರ್‌ವ್ಯೂ ಮಾಡಿದ ಮ್ಯಾನೇಜರ್ ಆ ನಾಲ್ಕು ತಿಂಗಳ ಮೇಲೆ ಬೆರಳಿಟ್ಟು “ಇಲ್ಲೇನಾಯ್ತು?” ಅಂದರು. “ಮ್ಯಾನೇಜರ್ ಜೊತೆ ಹೊಂದಲಿಲ್ಲ ಸರ್, ಬಿಟ್ಟೆ. ಅಲ್ಲಿ ಏನೂ ಕಲಿಯಲಿಲ್ಲ” ಅಂದೆ. ತಲೆ ಆಡಿಸಿ ಮುಂದಿನ ಪ್ರಶ್ನೆಗೆ ಹೋದರು. ಅದು 140 ಪರೀಕ್ಷೆಗಳ ಬಗ್ಗೆ ಇತ್ತು, ಅದರ ಮೇಲೇ ಮುಕ್ಕಾಲು ಗಂಟೆ ಮಾತಾಡಿದೆವು. ಆ ಕಂಪನಿಯಲ್ಲಿ ನಾಲ್ಕು ವರ್ಷ ಇದ್ದೆ.