ಘಾಟಿಯಲ್ಲಿ ಕಾಲ್ ಕಟ್: ಬಸ್ಸಿನ ಸ್ಪೀಡನ್ನು ಬೈಯಬೇಡಿ

ಹಾಸನದಿಂದ ಮಂಗಳೂರಿಗೆ ಹೋಗುವಾಗ ಸಕಲೇಶಪುರದವರೆಗೆ ಫೋನ್ ಚೆನ್ನಾಗಿರುತ್ತೆ. ದೋಣಿಗಲ್ ದಾಟಿದ್ರೆ ಕಾಲ್ ಕಟ್ ಆಗ್ತಾನೇ ಇರುತ್ತೆ. ಬಸ್ಸಿನ ಸ್ಪೀಡಿಗೆ ಟವರ್ ಹೊಂದಿಕೊಳ್ಳಲ್ವಾ? ಯಾವ ಸೆಟ್ಟಿಂಗ್ ಬದಲಾಯಿಸಲಿ?

ಚನ್ನರಾಯಪಟ್ಟಣದ ನೇರ ರಸ್ತೆಯಲ್ಲಿ 80ರ ಸ್ಪೀಡಿನಲ್ಲಿ ಹೋಗುವಾಗ ಆರಾಮಾಗಿ ಮಾತಾಡುತ್ತೀರಿ. ಶಿರಾಡಿಯಲ್ಲಿ ಲಾರಿ ಹಿಂದೆ ತೆವಳುವಾಗ ಕಟ್ ಆಗುತ್ತದೆ. ಹಾಗಿದ್ದ ಮೇಲೆ ಸ್ಪೀಡು ಹೇಗೆ ಕಾರಣ ಆಗುತ್ತದೆ?

ಮಾತಾಡುವಾಗ ಫೋನು ಈಗಿನ ಟವರಿನ ಜೊತೆಗೆ ಅಕ್ಕಪಕ್ಕದ ಟವರುಗಳ ಸಿಗ್ನಲ್ಲನ್ನೂ ಅಳೆಯುತ್ತಿರುತ್ತದೆ. ಪಕ್ಕದ್ದು ಸ್ವಲ್ಪ ಜೋರಾಗಿ, ಸಾಮಾನ್ಯವಾಗಿ 3 ಡೆಸಿಬೆಲ್‌ನಷ್ಟು, ಅರ್ಧ ಸೆಕೆಂಡಿನ ಆಸುಪಾಸು ಹಾಗೇ ಇದ್ದರೆ ಹಳೇ ಟವರಿಗೆ ವರದಿ ಕಳಿಸುತ್ತದೆ. ಹಳೇ ಟವರು ಹೊಸದರ ಹತ್ತಿರ ಜಾಗ ಕೇಳಿಕೊಂಡು, ‘ಅಲ್ಲಿಗೆ ಹೋಗು’ ಎಂದು ಹೇಳಬೇಕು. ಫೋನು ತಾನಾಗೇ ಹಾರುವಂತಿಲ್ಲ. ಆ ಮಾತು ಬರುವುದೂ ಹಳೇ ಟವರಿನ ಸಿಗ್ನಲ್ಲಿನಲ್ಲೇ. ಎಡವಟ್ಟಾಗುವುದು ಇಲ್ಲಿ.

ಬಯಲಿನಲ್ಲಿ ಹಳೇ ಸಿಗ್ನಲ್ ನಿಧಾನವಾಗಿ ಇಳಿಯುತ್ತದೆ, ಇಷ್ಟೆಲ್ಲ ಮುಗಿಯಲು ಸಮಯ ಸಿಗುತ್ತದೆ. ಘಾಟಿಯ ತಿರುವಿನಲ್ಲಿ ಬಸ್ಸು ತನ್ನ ಉದ್ದದಷ್ಟು ಮುಂದೆ ಹೋದರೆ ಸಾಕು, ಗುಡ್ಡ ಅಡ್ಡ ಬಂತು. ವರದಿ ಹೋಗಲಿಲ್ಲ, ಇಲ್ಲವೇ ಅಪ್ಪಣೆ ಬರಲಿಲ್ಲ. ನೀವು ‘ಹಲೋ ಹಲೋ’ ಅನ್ನುವ ಆ ಒಂದೆರಡು ಸೆಕೆಂಡು ಫೋನು ಬೇರೆ ಟವರಿಗೆ ಹುಡುಕಾಡುತ್ತಿರುತ್ತದೆ. ಸಿಕ್ಕರೆ ದನಿ ವಾಪಸ್, ಇಲ್ಲದಿದ್ದರೆ ಕಟ್. ಸಕಲೇಶಪುರ–ಸುಬ್ರಹ್ಮಣ್ಯ ರೈಲು ದಾರಿಯಲ್ಲಂತೂ 57 ಸುರಂಗಗಳಿವೆ. ಒಳಗೆ ಸಿಗ್ನಲ್ಲೇ ಇಲ್ಲದಿದ್ದರೆ ಯಾವ ಟವರಿಗೆ ದಾಟಿಸುವುದು?

ಸೆಟ್ಟಿಂಗಿನಲ್ಲಿ ವೋಲ್ಟೀ ಆನ್ ಇರಲಿ. ನೆಟ್‌ವರ್ಕ್ ಆಯ್ಕೆಯಲ್ಲಿ 2ಜಿ ಕೂಡ ಸೇರಿರುವ ‘ಆಟೋ’ ಇರಲಿ. ಯಾರದೋ ವಿಡಿಯೋ ನೋಡಿ *#*#4636#*#* ಒತ್ತಿ ‘LTE only’ ಮಾಡಿಕೊಂಡವರು 4ಜಿ ಹೋದಾಗ 2ಜಿಗೆ ಇಳಿಯುವ ಬಾಗಿಲನ್ನು ತಾವೇ ಮುಚ್ಚಿಕೊಂಡಿರುತ್ತಾರೆ. ಜಿಯೋದಲ್ಲಿ 2ಜಿ ಇಲ್ಲ, ಅಲ್ಲಿ ‘ಆಟೋ’ದಿಂದ ಈ ಲಾಭವಿಲ್ಲ. 5ಜಿ ಬಂದು ಹೋಗಿ ಮಾಡುತ್ತಿದ್ದರೆ ಪ್ರಯಾಣ ಮುಗಿಯುವ ತನಕ 4ಜಿಗೆ ಇಳಿಸಿ ನೋಡಿ, ಜಾಸ್ತಿ ನಿರೀಕ್ಷೆ ಬೇಡ. ಸುರಂಗ ದಾಟಿದರೂ ನೆಟ್‌ವರ್ಕ್ ಬರದಿದ್ದರೆ ಏರ್‌ಪ್ಲೇನ್ ಮೋಡ್ ಒಮ್ಮೆ ಹಾಕಿ ತೆಗೆಯಿರಿ.

ಕಡ್ಡಿಗಳನ್ನು ನಂಬಬೇಡಿ. ಆಂಡ್ರಾಯ್ಡ್ ಫೋನಿನ ಅಬೌಟ್ ಫೋನ್ ವಿಭಾಗದ ಸಿಮ್ ಸ್ಟೇಟಸ್‌ನಲ್ಲಿ ಸಿಗ್ನಲ್ಲಿನ ಬಲ ತೋರಿಸುವ dBm ಅಂಕಿ ನೋಡಿ. ಕಟ್ ಆಗುವ ಜಾಗದಲ್ಲಿ 4ಜಿ ಅಂಕಿ -115ಕ್ಕಿಂತ ಕೆಳಗೆ, ಅಂದರೆ -120ರ ಹಾಗೆ ಇದ್ದರೆ ಸೆಟ್ಟಿಂಗ್ ಕೆದಕುವುದು ಸುಮ್ನೆ ದಂಡ. -90ರ ಆಸುಪಾಸು ಇದ್ದೂ ದಿನಾ ಅದೇ ತಿರುವಿನಲ್ಲಿ ಕಟ್ ಆದರೆ, ತಪ್ಪು ಕಂಪನಿಯ ಕಡೆ ಇರುವ ಸಾಧ್ಯತೆ ಹೆಚ್ಚು. ಮುಂದಿನ ಟವರು ಹಳೇ ಟವರಿನ ಹತ್ತಿರವಿರುವ ಅಕ್ಕಪಕ್ಕದ ಟವರುಗಳ ಪಟ್ಟಿಯಲ್ಲಿ ಇಲ್ಲದಿರಬಹುದು, ಇಲ್ಲವೇ ತುಂಬಿಹೋಗಿರಬಹುದು. ಜಾಗ, ಸಮಯ ಬರೆದು ದೂರು ಕೊಡಿ. ‘ನೆಟ್‌ವರ್ಕ್ ಸರಿ ಇಲ್ಲ’ ಅಂತಷ್ಟೇ ಬರೆದರೆ ಯಾರೂ ಏನೂ ಹುಡುಕಲಾರರು.

ಫೋನಿನ ಹಿಂದೆ ಅಂಟಿಸೋ ಸಿಗ್ನಲ್ ಸ್ಟಿಕ್ಕರ್ ಕೆಲಸ ಮಾಡುತ್ತಾ?

ಮಾರುವವನಿಗೆ ಮಾಡುತ್ತದೆ.

ಮೂಡಿಗೆರೆ ತೋಟಕ್ಕೆ ಓಡಾಡೋ ಜೀಪಿಗೆ ಆನ್‌ಲೈನಿನಲ್ಲಿ ಸಿಗೋ ಬೂಸ್ಟರ್ ಹಾಕಿಸಲಾ?

ಬೇಡ. ಅನುಮತಿ ಇಲ್ಲದ ಬೂಸ್ಟರ್ ಇಟ್ಟುಕೊಳ್ಳುವುದು ಅಪರಾಧ. ಜೊತೆಗೆ ಅದರ ಗದ್ದಲ ಹತ್ತಿರದ ಟವರಿಗೆ ತಗುಲಿ ಊರಿನವರ ಕಾಲ್‌ಗಳೂ ಕೆಡುತ್ತವೆ.