ಖಾರದ ಪುಡಿಗೆ ಗಾಮಾ ಕಿರಣ: ನಿಮ್ಮ ಲೇಖನ ಯಾಕೆ ವಾಪಸ್ ಕಳಿಸುತ್ತಿದ್ದೇನೆ

"ನಮಸ್ಕಾರ ಸರ್. ಮಸಾಲೆ ಪದಾರ್ಥ ಕೆಡದಂತೆ ವಿಕಿರಣ ಹಾಯಿಸುವ ಬಗ್ಗೆ ಒಂದು ಲೇಖನ ಕಳಿಸಿದ್ದೇನೆ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ 'ರೇಡಿಯೇಷನ್ ಕೊಟ್ಟ ಖಾರದ ಪುಡಿ ತಿಂದರೆ ಮೈಗೂ ರೇಡಿಯೇಷನ್ ಸೇರುತ್ತೆ' ಅಂತ ಸಂದೇಶ ಓಡಾಡುತ್ತಿತ್ತು. ಅದಕ್ಕೆ ಉತ್ತರವಾಗಿ ಬರೆದೆ. ಪ್ರಕಟಣೆಗೆ ಆಗುತ್ತಾ? ಆಗದಿದ್ದರೆ ಎಲ್ಲಿ ಎಡವಿದ್ದೇನೆ ಅಂತ ನೇರವಾಗಿ ಹೇಳಿ."
— ರಾಜಾಜಿನಗರ, ಬೆಂಗಳೂರು

ನಮಸ್ಕಾರ.

ಈಗಿರುವ ರೂಪದಲ್ಲಿ ಆಗಲ್ಲ. ಆದರೆ ಬ್ಯಾಡಗಿ ಮೆಣಸಿನಕಾಯಿಯನ್ನು ಎತ್ತಿಕೊಂಡಿದ್ದು ಬಹಳ ಒಳ್ಳೆಯ ಆಯ್ಕೆ. ನೆಲದ ಮೇಲೆ ಹರವಿ ಒಣಗಿಸುವ ಕಾಯಿಗೆ ಮಣ್ಣು, ಧೂಳು, ಹಕ್ಕಿ ಹಿಕ್ಕೆ ಎಲ್ಲ ತಗಲುತ್ತವೆ, ಅದರ ಜೊತೆ ಬ್ಯಾಕ್ಟೀರಿಯಾ ಬರುತ್ತವೆ ಅಂತ ಬರೆದಿದ್ದೀರಿ. ಯಶವಂತಪುರದ ಯಾರ್ಡಿನಲ್ಲಿ ಚೀಲ ಬಿಚ್ಚಿದಾಗ ಕೆಳಗೆ ಕೂರುವ ಸಣ್ಣ ಮರಳಿನ ವಿವರ ಓದಿ ಖುಷಿಯಾಯಿತು. ಲೇಖನ ಅಲ್ಲಿಂದಲೇ ಶುರುವಾಗಲಿ. ಅದಕ್ಕೂ ಮುಂಚೆ ಇರುವ ಹಿರೋಷಿಮಾದ ಎರಡು ಪ್ಯಾರಾ ತೆಗೆದುಬಿಡಿ. ಓದುಗರ ಹೆದರಿಕೆ ಕಳೆಯಬೇಕು ಅಂತ ಹೊರಟು, ಮೊದಲ ಸಾಲಲ್ಲೇ ಬಾಂಬ್ ತೋರಿಸಿದ್ದೀರಿ.

ದೊಡ್ಡ ತೊಂದರೆ ನಿಮ್ಮ ಮುಖ್ಯ ವಾದದಲ್ಲಿದೆ. "ಟಾರ್ಚ್ ಬೆಳಕು ಬಿದ್ದ ಗೋಡೆ ತಾನೇ ಬೆಳಗುವುದಿಲ್ಲ, ಹಾಗೆಯೇ ವಿಕಿರಣ ಹಾಯ್ದ ಆಹಾರ ವಿಕಿರಣ ಸೂಸುವುದಿಲ್ಲ" ಅಂತ ಬರೆದು ಮುಂದೆ ಹೋಗಿದ್ದೀರಿ. ಇಷ್ಟೇ ಹೇಳಿದರೆ ಸಾಲದು. ವಸ್ತುವಿನ ಮೇಲೆ ವಿಕಿರಣ ಬಿದ್ದು ಅದು ವಿಕಿರಣಶೀಲ ಆಗುವುದೂ ಉಂಟಲ್ವಾ? ಆಹಾರಕ್ಕೆ ವಿಕಿರಣ ಹಾಯಿಸುವ ಘಟಕಗಳಲ್ಲಿ ಬಳಸುವ ಕೋಬಾಲ್ಟ್-60 ಹುಟ್ಟುವುದೇ ಹಾಗೆ. ಸಾಮಾನ್ಯ ಕೋಬಾಲ್ಟ್ ಅನ್ನು ಪರಮಾಣು ರಿಯಾಕ್ಟರ್ ಒಳಗೆ ಇಟ್ಟಾಗ ಅದರ ನ್ಯೂಕ್ಲಿಯಸ್ ಒಂದು ನ್ಯೂಟ್ರಾನ್ ನುಂಗಿ ವಿಕಿರಣಶೀಲ ಆಗುತ್ತದೆ. ಇದು ಗೊತ್ತಿರುವ ಓದುಗರೊಬ್ಬರು ನಿಮ್ಮ ಟಾರ್ಚ್ ಉದಾಹರಣೆಯನ್ನು ಒಂದೇ ಪ್ರಶ್ನೆಯಲ್ಲಿ ಬೀಳಿಸುತ್ತಾರೆ.

ಹಾಗಾಗಿ ಹೋಲಿಕೆ ಬಿಟ್ಟು ಲೆಕ್ಕ ಕೊಡಿ. ಕೋಬಾಲ್ಟ್-60 ನ್ಯೂಟ್ರಾನ್ ಹೊರಹಾಕುವುದಿಲ್ಲ. ಆಹಾರದ ತನಕ ಬರುವುದು ಅದರ ಗಾಮಾ ಕಿರಣ ಮಾತ್ರ. ಅದರಲ್ಲಿ ಎರಡು ಬಗೆ: 1.17 ಮತ್ತು 1.33 ಎಂಇವಿ ಶಕ್ತಿಯವು. ಎಂಇವಿ ಅಂದರೆ ಒಂದೊಂದು ಕಿರಣದ ಶಕ್ತಿ ಅಳೆಯುವ ಮಾನ. ಗಾಮಾ ಕಿರಣವೂ ನ್ಯೂಕ್ಲಿಯಸ್ಸನ್ನು ಒಡೆದು ವಸ್ತುವನ್ನು ವಿಕಿರಣಶೀಲ ಮಾಡಬಲ್ಲದು, ಆದರೆ ಅದಕ್ಕೆ ಸಾಕಷ್ಟು ಶಕ್ತಿ ಬೇಕು. ಸಾಮಾನ್ಯ ಕಾರ್ಬನ್‌ನಿಂದ ನ್ಯೂಟ್ರಾನ್ ಕಿತ್ತು ಹಾಕಲು ಸುಮಾರು 18.7 ಎಂಇವಿ, ಆಕ್ಸಿಜನ್‌ಗೆ ಸುಮಾರು 15.7, ನೈಟ್ರೋಜನ್‌ಗೆ ಸುಮಾರು 10.5. ನೀರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಭಾರ ಹೈಡ್ರೋಜನ್ ಇವೆಲ್ಲಕ್ಕಿಂತ ಸುಲಭವಾಗಿ ಒಡೆಯುತ್ತದೆ, ಆದರೆ ಅದಕ್ಕೂ 2.2 ಎಂಇವಿ ಬೇಕು. ನಮ್ಮ ಕಿರಣ 1.33ಕ್ಕೇ ನಿಲ್ಲುತ್ತದೆ. ಇಲ್ಲಿ ಒಂದು ಮಾತು ಬಿಡಿಸಿ ಹೇಳಲೇಬೇಕು: ಹೊತ್ತು ಜಾಸ್ತಿ ಇಟ್ಟರೆ ಬೀಳುವ ಕಿರಣಗಳ ಸಂಖ್ಯೆ ಹೆಚ್ಚುತ್ತದೆ, ಒಂದೊಂದು ಕಿರಣದ ಶಕ್ತಿ ಹೆಚ್ಚುವುದಿಲ್ಲ. ಹತ್ತು ಗಂಟೆ ಇಟ್ಟರೂ ಅಷ್ಟೇ, ಹತ್ತು ದಿನ ಇಟ್ಟರೂ ಅಷ್ಟೇ. ಯಂತ್ರದಿಂದ ಬರುವ ಎಲೆಕ್ಟ್ರಾನ್ ಕಿರಣಕ್ಕೆ 10 ಎಂಇವಿ, ಎಕ್ಸ್-ರೇಗೆ ಸಾಮಾನ್ಯವಾಗಿ 5 ಎಂಇವಿ ಅಂತ ಮಿತಿ ಹಾಕಿರುವುದೂ ಇದೇ ಕಾರಣಕ್ಕೆ. ಮಿತಿ ಇದೆ ಅಂತ ಹೇಳಿದಾಗಲೇ ಓದುಗರಿಗೆ ನಂಬಿಕೆ ಬರುವುದು.

"ಕೆಲವು ದಿನ ಗೋದಾಮಿನಲ್ಲಿ ಇಟ್ಟರೆ ಪುಡಿಯಲ್ಲಿನ ವಿಕಿರಣ ಇಳಿದುಹೋಗುತ್ತದೆ" ಎಂಬ ಸಾಲು ಪೂರ್ತಿ ತಪ್ಪು. ಇಳಿಯಲು ಅಲ್ಲಿ ಏನೂ ಉಳಿದೇ ಇರುವುದಿಲ್ಲ. ಕೋಬಾಲ್ಟ್ ಇರುವುದು ಎರಡು ಪದರದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗಳ ಒಳಗೆ. ಕೆಲಸ ಇಲ್ಲದಾಗ ಆ ಕೊಳವೆಗಳ ಚೌಕಟ್ಟನ್ನು ಆಳವಾದ ನೀರಿನ ತೊಟ್ಟಿಗೆ ಇಳಿಸುತ್ತಾರೆ. ಪುಡಿಯ ಡಬ್ಬ ಅದನ್ನು ಮುಟ್ಟುವುದೇ ಇಲ್ಲ, ಪ್ಯಾಕ್ ಆದ ರಟ್ಟಿನ ಪೆಟ್ಟಿಗೆಯಲ್ಲೇ ಸುತ್ತು ಹಾಕಿ ಹೊರಗೆ ಬರುತ್ತದೆ. ಇಲ್ಲಿ ನಿಜವಾಗಿ ಭಯಪಡಬೇಕಾದ್ದು ಕೊಳವೆ ಸೋರುವುದಕ್ಕೆ. ಅದನ್ನು ಹಿಡಿಯಲೆಂದೇ ತೊಟ್ಟಿಯ ನೀರನ್ನು ಆಗಾಗ ಪರೀಕ್ಷಿಸುತ್ತಾರೆ. ಇದನ್ನು ಮುಚ್ಚಿಡಬೇಡಿ, ಬರೆಯಿರಿ.

"ಖಾರದ ಪುಡಿಯಲ್ಲಿ ವಿಕಿರಣಶೀಲತೆ ಸೊನ್ನೆ" ಎಂಬುದನ್ನೂ ತೆಗೆಯಿರಿ. ಪೊಟ್ಯಾಸಿಯಂ ಇರುವ ಯಾವ ಆಹಾರದಲ್ಲೂ ಅದು ಸೊನ್ನೆ ಅಲ್ಲ. ನೂರು ಗ್ರಾಂ ಖಾರದ ಪುಡಿಯಲ್ಲಿ ಸುಮಾರು 2 ಗ್ರಾಂ ಪೊಟ್ಯಾಸಿಯಂ ಇರುತ್ತದೆ. ಅದರಲ್ಲಿ ಸಹಜವಾಗಿಯೇ ಇರುವ ವಿಕಿರಣಶೀಲ ಪೊಟ್ಯಾಸಿಯಂ-40ರಿಂದ ಸೆಕೆಂಡಿಗೆ ಸುಮಾರು 60 ಪರಮಾಣು ಒಡೆಯುತ್ತಿರುತ್ತವೆ. ಕಿರಣ ಹಾಯಿಸುವ ಮುಂಚೆಯೂ ಅಷ್ಟೇ, ಆಮೇಲೂ ಅಷ್ಟೇ. "ಸೊನ್ನೆ" ಅನ್ನುವುದಕ್ಕಿಂತ "ಮುಂಚೆ ಎಷ್ಟಿತ್ತೋ ಅಷ್ಟೇ" ಅನ್ನುವುದು ಸತ್ಯ. ಅದು ಓದುಗರ ತಲೆಯಲ್ಲೂ ಉಳಿಯುತ್ತದೆ.

ಇನ್ನು ಪ್ರಮಾಣದ ವಿಷಯ. "10 ಕಿಲೋಗ್ರೇ ಕೊಡುತ್ತಾರೆ, ಎಲ್ಲ ಕ್ರಿಮಿಗಳೂ ಸಾಯುತ್ತವೆ" ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಆ ವಾಕ್ಯದ ಎರಡು ಭಾಗವೂ ತಿದ್ದಬೇಕು.

ಮೊದಲು ಕಿಲೋಗ್ರೇ ಅಂದರೆ ಏನು ಅಂತ ಹೇಳಿ. ಒಂದು ಕಿಲೋ ಪದಾರ್ಥ ಒಂದು ಜೂಲ್ ಶಕ್ತಿ ಹೀರಿಕೊಂಡರೆ ಒಂದು ಗ್ರೇ. ಸಾವಿರ ಗ್ರೇ ಸೇರಿದರೆ ಕಿಲೋಗ್ರೇ. 10 ಕಿಲೋಗ್ರೇ ಕೇಳಲು ದೊಡ್ಡದು. ಆದರೆ ಅಷ್ಟೂ ಶಕ್ತಿ ಶಾಖವಾದರೆ ನೀರು ಬಿಸಿಯಾಗುವುದು ಬರೀ ಎರಡೂವರೆ ಡಿಗ್ರಿಯಷ್ಟು, ಒಣ ಪುಡಿ ಸ್ವಲ್ಪ ಜಾಸ್ತಿ. ಆದ್ದರಿಂದಲೇ ಹಬೆ ಹಾಯಿಸಿದಾಗ ಹೋಗುವಷ್ಟು ಘಮ ಇಲ್ಲಿ ಹೋಗುವುದಿಲ್ಲ. ಹಾಗಾದರೆ ಬ್ಯಾಕ್ಟೀರಿಯಾ ಹೇಗೆ ಸಾಯುತ್ತವೆ? ಕಿರಣ ಅವುಗಳ ಡಿಎನ್‌ಎ ದಾರವನ್ನು ತುಂಡು ಮಾಡುತ್ತದೆ. ನೇರವಾಗಿ ಬಡಿದು ಸ್ವಲ್ಪ, ನೀರಿನ ಕಣಗಳನ್ನು ಒಡೆದು ಹುಟ್ಟುವ ಚುರುಕಾದ ತುಣುಕುಗಳ ಮೂಲಕ ಇನ್ನೂ ಜಾಸ್ತಿ. ಒಣ ಪುಡಿಯಲ್ಲಿ ನೀರು ಕಡಿಮೆ, ಆ ತುಣುಕುಗಳೂ ಕಡಿಮೆ. ಈರುಳ್ಳಿ, ಆಲೂಗಡ್ಡೆ ಮೊಳಕೆ ಬರದಂತೆ ಮಾಡಲು 0.02ರಿಂದ 0.2 ಕಿಲೋಗ್ರೇ ಸಾಕಾದರೆ, ಮಸಾಲೆಯ ಸೂಕ್ಷ್ಮಜೀವಿ ಇಳಿಸಲು ನಮ್ಮ ದೇಶದ ನಿಯಮ 6ರಿಂದ 14 ಕಿಲೋಗ್ರೇ ಕೇಳುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ, ಮಣ್ಣಿನಿಂದ ಬರುವ ಬ್ಯಾಸಿಲಸ್ ಜಾತಿಯವು ಗಟ್ಟಿ ಕವಚದ ಬೀಜಕಗಳಾಗಿ ಕೂತಿರುತ್ತವೆ.

"ಎಲ್ಲ ಸಾಯುತ್ತವೆ" ಅನ್ನುವ ಕಡೆ ಈ ಲೆಕ್ಕ ಹಾಕಿ. ಸೂಕ್ಷ್ಮಜೀವಿಗಳು ಇಷ್ಟು ಪ್ರಮಾಣಕ್ಕೆ ಇಷ್ಟು ಅಂತ ಒಂದೇ ಸಮನೆ ಕಳೆಯುವುದಿಲ್ಲ, ಹತ್ತನೇ ಒಂದು ಭಾಗಕ್ಕೆ ಇಳಿಯುತ್ತಾ ಹೋಗುತ್ತವೆ. ಹತ್ತರಲ್ಲಿ ಒಂಬತ್ತನ್ನು ಕೊಲ್ಲಲು ಬೇಕಾದ ಪ್ರಮಾಣಕ್ಕೆ ಡಿ-10 ಅನ್ನುತ್ತಾರೆ. ಒಣ ಪುಡಿಯ ಬೀಜಕಗಳಿಗೆ ಅದು 2 ಕಿಲೋಗ್ರೇ ಅಂತ ಇಟ್ಟುಕೊಳ್ಳಿ. ಒಂದು ಗ್ರಾಂ ಪುಡಿಯಲ್ಲಿ 10 ಲಕ್ಷ ಇದ್ದವು ಅನ್ನಿ. 2 ಕಿಲೋಗ್ರೇಗೆ ಒಂದು ಲಕ್ಷ, 4ಕ್ಕೆ ಹತ್ತು ಸಾವಿರ, 6ಕ್ಕೆ ಸಾವಿರ, 10ಕ್ಕೆ ಹತ್ತು. ಅಂದರೆ 10 ಕಿಲೋಗ್ರೇ ಕೊಟ್ಟ ಮೇಲೂ ನೂರು ಗ್ರಾಂ ಪ್ಯಾಕೆಟ್ಟಿನಲ್ಲಿ ಸಾವಿರ ಬೀಜಕ ಉಳಿದಿರುತ್ತವೆ. ಸಾಲ್ಮೊನೆಲ್ಲಾದಂಥ, ಬೀಜಕ ಮಾಡದ ರೋಗಕಾರಕಗಳು ಇದಕ್ಕಿಂತ ಬೇಗ ಸಾಯುತ್ತವೆ. ಮುಖ್ಯ ಗುರಿ ಅವೇ. ಶುರುವಿನಲ್ಲೇ ಕೊಳಕು ಜಾಸ್ತಿ ಇದ್ದರೆ ಉಳಿಯುವುದೂ ಜಾಸ್ತಿ ಅನ್ನುವುದು ಈ ಲೆಕ್ಕದಲ್ಲಿ ತಾನಾಗಿಯೇ ಕಾಣುತ್ತದೆ. ಅದಕ್ಕೇ ಮೆಣಸಿನಕಾಯಿಯನ್ನು ಟಾರ್ಪಾಲಿನ ಮೇಲೆ ಒಣಗಿಸುವ ಮಾತು ನಿಮ್ಮ ಲೇಖನದಲ್ಲಿ ಇರಲೇಬೇಕು.

"10 ಕಿಲೋಗ್ರೇ ಕೊಡುತ್ತಾರೆ" ಅನ್ನುವುದೂ ಅಷ್ಟು ಸಲೀಸಲ್ಲ. ಪೆಟ್ಟಿಗೆಯ ಅಂಚಿಗೆ ಬಿದ್ದ ಕಿರಣ ನಡುವಿಗೆ ಹೋಗುವಷ್ಟರಲ್ಲಿ ಕಡಿಮೆಯಾಗುತ್ತದೆ. ಪೆಟ್ಟಿಗೆಯನ್ನು ಕೋಬಾಲ್ಟಿನ ಎರಡೂ ಬದಿಯಿಂದ ಹಾಯಿಸಿದರೂ ಅಂಚಿಗೆ 9, ನಡುವಿಗೆ 6 ಬೀಳಬಹುದು. ಮೇಲಿನ ಲೆಕ್ಕ ಹಿಡಿದರೆ ಅಂಚಿನ ಪುಡಿಯಲ್ಲಿ ಗ್ರಾಂಗೆ ಮೂವತ್ತರಷ್ಟು ಉಳಿದರೆ, ನಡುವಿನದರಲ್ಲಿ ಸಾವಿರ. ಹಾಗಾಗಿ ಘಟಕದವರು ಹೊಸ ಸರಕು ಬಂದಾಗ ಪೆಟ್ಟಿಗೆಯ ಒಳಗೆ ಬೇರೆ ಬೇರೆ ಕಡೆ ಡೋಸಿಮೀಟರ್ ಇಟ್ಟು ಅಳೆಯುತ್ತಾರೆ. ಅತಿ ಕಡಿಮೆ ಬಿದ್ದ ಜಾಗ ನಿಯಮದ ಕೆಳಮಿತಿ ದಾಟಿರಬೇಕು, ಅತಿ ಹೆಚ್ಚು ಬಿದ್ದ ಜಾಗ ಮೇಲ್ಮಿತಿಯ ಒಳಗಿರಬೇಕು. ಪೆಟ್ಟಿಗೆ ಮೇಲೆ ಬಣ್ಣ ಬದಲಾಗುವ ಚೀಟಿ ಅಂಟಿಸಿರುತ್ತಾರೆ ಅಂತ ಬರೆದಿದ್ದೀರಿ, ಸರಿ. ಆದರೆ ಅದು ಪೆಟ್ಟಿಗೆ ಒಳಗೆ ಹೋಗಿ ಬಂದಿದೆ ಅಂತ ಮಾತ್ರ ಹೇಳುತ್ತದೆ. ಎಷ್ಟು ಬಿತ್ತು ಅಂತ ಹೇಳುವುದು ಡೋಸಿಮೀಟರ್.

ವಿಶ್ವ ಆರೋಗ್ಯ ಸಂಸ್ಥೆ 10 ಕಿಲೋಗ್ರೇ ಮಿತಿ ಹಾಕಿದೆ ಅಂತ ಒಂದು ಕಡೆ, ಭಾರತದಲ್ಲಿ 14ರ ತನಕ ಅವಕಾಶ ಇದೆ ಅಂತ ಇನ್ನೊಂದು ಕಡೆ ಬರೆದಿದ್ದೀರಿ. ಓದುಗರು ಇದನ್ನು ಹಿಡಿಯದೇ ಬಿಡಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿದ 1980ರ ಜಂಟಿ ತಜ್ಞರ ಸಮಿತಿ 10 ಕಿಲೋಗ್ರೇ ತನಕ ಯಾವ ಆಹಾರಕ್ಕೂ ವಿಷದ ಅಪಾಯ ಇಲ್ಲ ಅಂದಿತು. ಆಗ ಅದರ ಕೈಯಲ್ಲಿದ್ದ ಪರೀಕ್ಷೆಗಳು ಅಷ್ಟಕ್ಕೆ ಸಾಕಿದ್ದವು. 1997ರಲ್ಲಿ ಇನ್ನೊಂದು ತಜ್ಞರ ತಂಡ ಅದಕ್ಕಿಂತ ಮೇಲಿನ ಪ್ರಮಾಣವನ್ನೂ ನೋಡಿ, ಅದೂ ಸುರಕ್ಷಿತ ಎಂದಿತು. ಇಷ್ಟು ಬರೆದರೆ ಗೊಂದಲ ಹೋಗುತ್ತದೆ.

ಕೊನೆಯ ಪ್ಯಾರಾದ "ಹಾಳಾದ ಪುಡಿಯೂ ತಿನ್ನಲು ಯೋಗ್ಯವಾಗುತ್ತದೆ" ಎಂಬ ಸಾಲನ್ನು ನಾನು ಯಾವ ಕಾರಣಕ್ಕೂ ಅಚ್ಚು ಹಾಕಲ್ಲ. ತೇವದಲ್ಲಿಟ್ಟ ಮೆಣಸಿನಕಾಯಿಗೆ ಬೂಷ್ಟು ಬಂದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಕಿರಣ ಬೂಷ್ಟನ್ನು ಕೊಲ್ಲಬಹುದು, ಅದು ಆಗಲೇ ಬಿಟ್ಟ ವಿಷವನ್ನು ಈ ಪ್ರಮಾಣದಲ್ಲಿ ತೆಗೆಯಲಾರದು. ಬೆರಕೆ ಬಣ್ಣ ಹಾಕಿದ್ದರೆ ಅದೂ ಹಾಗೇ ಉಳಿಯುತ್ತದೆ.

ಒಂದು ವಿಷಯ ಸೇರಿಸಿ, ನಿಮ್ಮ ಯಾರ್ಡಿನ ಮರಳಿಗೂ ಅದಕ್ಕೂ ನೇರ ಸಂಬಂಧ ಇದೆ. ಕಿರಣ ಹಾಯ್ದ ಪುಡಿ ನೋಡಲು, ಮೂಸಲು ಬೇರೆ ಪುಡಿಯಂತೆಯೇ ಇರುತ್ತದೆ. ವಿಕಿರಣ ಅಳೆಯುವ ಗೀಗರ್ ಕೌಂಟರ್ ಹಿಡಿದರೂ ವ್ಯತ್ಯಾಸ ತಿಳಿಯಲ್ಲ. ಹಾಗಾದರೆ ಲೇಬಲ್ ಹಾಕದೆ ಮಾರಿದರೆ ಹಿಡಿಯುವುದು ಹೇಗೆ? ಪ್ರಯೋಗಾಲಯದವರು ಪುಡಿಗೆ ಅಂಟಿದ ಮರಳಿನ ಕಣಗಳನ್ನು ಬೇರ್ಪಡಿಸಿ ಬಿಸಿ ಮಾಡುತ್ತಾರೆ. ಗಾಮಾ ಕಿರಣದ ಶಕ್ತಿಯಲ್ಲಿ ಒಂದಿಷ್ಟು ಆ ಹರಳುಗಳಲ್ಲಿ ಸಿಕ್ಕಿಕೊಂಡಿರುತ್ತದೆ, ಬಿಸಿಯಾದಾಗ ಮಂದ ಬೆಳಕಾಗಿ ಹೊರಬರುತ್ತದೆ. ಹೊರಬರುವುದು ಬರೀ ಬೆಳಕು, ವಿಕಿರಣ ಅಲ್ಲ.

ತಿದ್ದಿದ ಲೇಖನದ ಜೊತೆ ಪ್ಯಾಕೆಟ್ಟಿನ ಹಿಂಬದಿಯ ಫೋಟೋ ಕಳಿಸಿ. ವಿಕಿರಣ ಹಾಯಿಸಿದ ಗುರುತು, ಹಾಯಿಸಿದ ದಿನಾಂಕ ಎರಡೂ ಓದುವ ಹಾಗಿರಲಿ. ಪೆಟ್ಟಿಗೆಯ ಅಂಚು ಮತ್ತು ನಡುವಿನ ಲೆಕ್ಕಕ್ಕೆ ಒಂದು ಸಣ್ಣ ಚಿತ್ರವೂ ಬೇಕು, ಕೈಯಲ್ಲಿ ಬರೆದು ಕಳಿಸಿದರೂ ನಮ್ಮ ಕಲಾವಿದರು ಸರಿಮಾಡುತ್ತಾರೆ.